120 ಅಂಕದ ಅಂತರ ಏನು ಹೇಳುತ್ತದೆ

"ನಿಮ್ಮ ಪಟ್ಟಿಯಲ್ಲಿ ಅವರು 120 ಅಂಕ ಮುಂದಿದ್ದರಲ್ಲ, ಮತ್ತೆ ಹೇಗೆ ಸೋತರು? ಹಾಗಾದರೆ ಈ ರೇಟಿಂಗ್ ನೋಡಿ ಏನು ಪ್ರಯೋಜನ?"

ಹಾಕಿ ತಂಡಗಳ ಬಲವನ್ನು ಅಂಕಗಳಲ್ಲಿ ಅಳೆಯುವ ನನ್ನ ರೇಟಿಂಗ್ ಪಟ್ಟಿ ನೋಡಿದವರ ಪ್ರಶ್ನೆ ಇದು. ಮೂರು ಸಲ ಆಡಿದರೆ ಒಂದು ಸಲ ಅವರು ಸೋಲುತ್ತಾರೆ ಎಂದೇ ಆ 120 ಅಂಕ ಹೇಳುತ್ತಿತ್ತು. ಇಷ್ಟು ಅಂತರವಿದ್ದಾಗ ಮುಂದಿರುವ ತಂಡಕ್ಕೆ ಗೆಲುವಿನ ಸಾಧ್ಯತೆ ಶೇ 67, ಹಿಂದಿರುವ ತಂಡಕ್ಕೆ ಶೇ 33. ಅಂಥ ಪಂದ್ಯಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ ಮುಂದಿರುವವರೇ ಪ್ರತಿ ಸಲ ಗೆದ್ದಿದ್ದರೆ ನನಗೆ ಚಿಂತೆಯಾಗಬೇಕು, ಏಕೆಂದರೆ ಆಗ ನಾನು ಕೊಟ್ಟ ಸಾಧ್ಯತೆ ತೀರಾ ಕಡಿಮೆಯಾಗಿತ್ತು ಎಂದಾಗುತ್ತದೆ.

ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ನಾನು ಈ ಲೆಕ್ಕ ಇಟ್ಟುಕೊಂಡು ಬಂದಿದ್ದೇನೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಇದನ್ನು ಆರಂಭಿಸಿದಾಗ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳಿದ್ದವು. ತಂಡ ಎಂದರೆ ಇಲ್ಲಿ ಒಂದು ಒಕ್ಕ, ಅಂದರೆ ಒಂದೇ ಮನೆತನ. ಅಜ್ಜನೂ ಮೊಮ್ಮಗಳೂ ಒಂದೇ ಅಂಗಿಯ ಬಣ್ಣದಲ್ಲಿ ಮೈದಾನಕ್ಕಿಳಿಯಬಹುದು. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಈ ಕೊನೆಯ ಸಂಗತಿಯೇ ರೇಟಿಂಗ್ ಲೆಕ್ಕವನ್ನು ಕಷ್ಟದ್ದಾಗಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಲೆಕ್ಕದ ಮೂಲ ಚದುರಂಗದ್ದು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾಡ್ ಎಲೋ ರೂಪಿಸಿದ ಪದ್ಧತಿಯನ್ನು ಅಲ್ಲಿನ ಚೆಸ್ ಫೆಡರೇಷನ್ 1960ರಲ್ಲಿ, ವಿಶ್ವ ಚೆಸ್ ಸಂಸ್ಥೆ 1970ರಲ್ಲಿ ಅಳವಡಿಸಿಕೊಂಡವು. ಅಂತಾರಾಷ್ಟ್ರೀಯ ಹಾಕಿ ಫೆಡರೇಷನ್ ಕೂಡ 2020ರಿಂದ ಪ್ರತಿ ಪಂದ್ಯದ ಬಳಿಕ ಎರಡು ತಂಡಗಳ ನಡುವೆ ಅಂಕ ಕೈಬದಲಾಗುವ ಇಂಥದೇ ಕ್ರಮಕ್ಕೆ ಬಂದಿದೆ. ಇಡೀ ಪದ್ಧತಿ ಇಷ್ಟೇ ಸಾಲುಗಳಲ್ಲಿ ಮುಗಿಯುತ್ತದೆ:

```python
def nirikshe(ra, rb):
    return 1 / (1 + 10 ** ((rb - ra) / 400))

def hosa(ra, rb, anka, K=40):
    badalu = K * (anka - nirikshe(ra, rb))
    return ra + badalu, rb - badalu
```

ಮೊದಲ ಭಾಗ ಅಂಕದ ಅಂತರವನ್ನು ಸಾಧ್ಯತೆಯಾಗಿ ಬದಲಿಸುತ್ತದೆ. ಅಂತರ ಸೊನ್ನೆಯಾದರೆ ಶೇ 50, 100 ಆದರೆ 64, 200 ಆದರೆ 76, 400 ಆದರೆ 91. ಅಂತರ ಎಷ್ಟೇ ಬೆಳೆದರೂ ನೂರಕ್ಕೆ ನೂರು ಬರುವುದಿಲ್ಲ. 400 ಎಂಬ ಸಂಖ್ಯೆ ರೂಢಿಯಿಂದ ಬಂದದ್ದು, ಅದರಲ್ಲಿ ಬೇರೆ ಗುಟ್ಟಿಲ್ಲ. ಫಿಫಾ 2018ರಲ್ಲಿ ಇದೇ ಸೂತ್ರ ತೆಗೆದುಕೊಂಡಾಗ 600 ಇಟ್ಟುಕೊಂಡಿತು. ಹಾಗಾಗಿ ಒಂದು ಪಟ್ಟಿಯ 120 ಅಂಕವನ್ನು ಇನ್ನೊಂದು ಪಟ್ಟಿಯ 120ಕ್ಕೆ ಹೋಲಿಸಬಾರದು.

ಎರಡನೆಯ ಭಾಗ ಪಂದ್ಯ ಮುಗಿದ ಮೇಲಿನದು. ಒಂದು ತಂಡಕ್ಕೆ 1620, ಎದುರಾಳಿಗೆ 1500 ಇದೆ ಎಂದುಕೊಳ್ಳಿ. ಮೊದಲ ತಂಡದ ನಿರೀಕ್ಷೆ 0.666. ಅದು ಗೆದ್ದರೆ ಸಿಕ್ಕಿದ್ದು 1, ನಿರೀಕ್ಷಿಸಿದ್ದು 0.666. ಉಳಿದ 0.334ನ್ನು K, ಅಂದರೆ ಒಂದು ಪಂದ್ಯದಲ್ಲಿ ಕೈಬದಲಾಗಬಹುದಾದ ಗರಿಷ್ಠ ಅಂಕವಾದ 40ರಿಂದ ಗುಣಿಸಿದರೆ 13 ಅಂಕ ಏರುತ್ತದೆ, ಎದುರಾಳಿಗೆ ಅಷ್ಟೇ ಇಳಿಯುತ್ತದೆ. ಅದೇ ಸೋತರೆ 27 ಅಂಕ ಕಳೆದುಕೊಂಡು 1593ಕ್ಕೆ ಬರುತ್ತದೆ, ಗೆದ್ದವರು 1527ಕ್ಕೆ ಏರುತ್ತಾರೆ. ನಿರೀಕ್ಷಿತ ಗೆಲುವಿಗೆ ಕಡಿಮೆ ಕೂಲಿ, ಅನಿರೀಕ್ಷಿತ ಗೆಲುವಿಗೆ ಎರಡು ಪಟ್ಟು. ಈಗ ಅವರಿಬ್ಬರ ಅಂತರ 66ಕ್ಕೆ ಇಳಿದಿದೆ. ನಾಳೆಯೇ ಮತ್ತೆ ಆಡಿದರೆ ಸೋತ ತಂಡಕ್ಕೇ ಗೆಲುವಿನ ಸಾಧ್ಯತೆ ಹೆಚ್ಚು, ಆದರೆ ಶೇ 67ರ ಬದಲು 59 ಮಾತ್ರ. ಒಂದೇ ಸೋಲಿಗೆ ಪಟ್ಟಿ ತಲೆಕೆಳಗಾಗಬೇಕೆಂದು ಬಯಸುವವರಿಗೆ ಇದು ಸಾಲದು ಎನಿಸುತ್ತದೆ. ನನಗೆ ಇದು ಸರಿಯಾದ ಅಳತೆಯಾಗಿಯೇ ಕಾಣುತ್ತದೆ. ಒಂದು ಪಂದ್ಯ ಹೇಳುವಷ್ಟನ್ನು ಮಾತ್ರ ಅದರಿಂದ ಕೇಳಿಸಿಕೊಳ್ಳಬೇಕು.

ಟೈಬ್ರೇಕರ್‌ಗೆ ಹೋದ ಪಂದ್ಯವನ್ನು ಹೇಗೆ ಬರೆದುಕೊಳ್ಳುತ್ತೀರಿ ಎಂಬುದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಅದು. ನಿಗದಿತ ಸಮಯದಲ್ಲಿ ಸಮಬಲವಾಗಿ ಆಡಿದ ತಂಡವನ್ನು ಪೂರ್ತಿ ಸೋತಿತು ಎಂದು ಬರೆಯುವುದು ಅನ್ಯಾಯ. ಹಾಗಾಗಿ ನಾನು ಟೈಬ್ರೇಕರ್‌ನಲ್ಲಿ ಗೆದ್ದವರಿಗೆ 0.6, ಸೋತವರಿಗೆ 0.4 ಕೊಡುತ್ತೇನೆ. ಮೇಲಿನ ಉದಾಹರಣೆಯಲ್ಲಿ 1620ರ ತಂಡ ಹೀಗೆ ಸೋತರೆ ಕಳೆದುಕೊಳ್ಳುವುದು 11 ಅಂಕ ಮಾತ್ರ. ಇದರಲ್ಲಿ ಇನ್ನೊಂದು ಅನುಕೂಲವಿದೆ. ಸೂತ್ರ ಕೊಡುವ 0.666 ನಿಜವಾಗಿ ಗೆಲುವಿನ ಸಾಧ್ಯತೆಯಲ್ಲ, ಆ ತಂಡಕ್ಕೆ ಸರಾಸರಿ ಸಿಗಬಹುದಾದ ಪಾಲು. ಸಮ ಆದ ಪಂದ್ಯ ಸಮವಾಗಿಯೇ ಉಳಿಯುವ ಲೀಗ್‌ನಲ್ಲಿ ಈ ವ್ಯತ್ಯಾಸ ದೊಡ್ಡದು. ಅಂಥ ಪಂದ್ಯಗಳಲ್ಲಿ ಐದರಲ್ಲೊಂದು ಸಮ ಆಗುತ್ತದೆ ಎಂದಿಟ್ಟುಕೊಂಡರೆ, 0.666 ಎಂದರೆ ಶೇ 57 ಗೆಲುವು, 20 ಸಮ, 23 ಸೋಲು. ನಮ್ಮ ಪಂದ್ಯಾವಳಿಯಲ್ಲಿ ಆ 20 ಟೈಬ್ರೇಕರ್‌ಗೆ ಹೋಗಿ ಸರಿಸುಮಾರು ಅರ್ಧರ್ಧ ಹಂಚಿಹೋಗುತ್ತದೆ ಎಂದು ನಾನು ಹಿಡಿಯುವುದರಿಂದ, 57ಕ್ಕೆ 10 ಸೇರಿ ಮುಂದಿನ ಸುತ್ತಿಗೆ ಹೋಗುವ ಸಾಧ್ಯತೆ ಮತ್ತೆ 67ಕ್ಕೇ ಬಂದು ನಿಲ್ಲುತ್ತದೆ. ಲೀಗ್ ಪಂದ್ಯಗಳಿಗೆ ಇದೇ ಸೂತ್ರ ಹಾಕಿ "ಗೆಲ್ಲುವ ಸಾಧ್ಯತೆ 67" ಎಂದು ಬರೆಯುವವರು 57ರ ಜಾಗದಲ್ಲಿ 67 ಎಂದು ಸುಳ್ಳು ಹೇಳಿದಂತಾಗುತ್ತದೆ.

ಇನ್ನು ನಿಜವಾದ ತೊಡಕಿಗೆ ಬರೋಣ. 360 ತಂಡಗಳಲ್ಲಿ ಒಂದೇ ಉಳಿಯಬೇಕಾದರೆ 359 ತಂಡಗಳು ಸೋಲಬೇಕು, ಅಂದರೆ 359 ಪಂದ್ಯಗಳು. ಪ್ರತಿ ಪಂದ್ಯದಲ್ಲಿ ಇಬ್ಬರು ಎಂದರೆ ತಂಡವೊಂದಕ್ಕೆ ಸರಾಸರಿ ಎರಡು ಪಂದ್ಯವೂ ಪೂರ್ತಿ ಸಿಗುವುದಿಲ್ಲ, ಅದೂ ವರ್ಷಕ್ಕೆ! ಮೊದಲ ಪಂದ್ಯದಲ್ಲೇ ಹೊರಬೀಳುವ ಕುಟುಂಬದ ಬಗ್ಗೆ ನನಗೆ ಆ ವರ್ಷ ಸಿಗುವ ಮಾಹಿತಿ ಒಂದೇ ಒಂದು ಫಲಿತಾಂಶ. ಸಾಲದ್ದಕ್ಕೆ ಕೋವಿಡ್ ಕಾಲದಲ್ಲಿ ಪಂದ್ಯಾವಳಿಯೇ ನಿಂತಿತ್ತು.

ಇದರಿಂದ ಏನಾಗುತ್ತದೆ ಎಂಬುದನ್ನು ಒಂದು ತಂಡವನ್ನು ಹಿಂಬಾಲಿಸಿ ನೋಡಿದರೆ ತಿಳಿಯುತ್ತದೆ. ಹೊಸ ತಂಡ 1500ರಲ್ಲಿ ಆರಂಭವಾಗಿ ಪ್ರತಿ ವರ್ಷ 1500ರ ಎದುರಾಳಿಗೆ ಮೊದಲ ಪಂದ್ಯದಲ್ಲೇ ಸೋಲುತ್ತದೆ ಎಂದುಕೊಳ್ಳಿ. ಮೊದಲ ಸೋಲಿಗೆ 1480, ಎರಡನೆಯದಕ್ಕೆ 1461, ಹೀಗೆ ಐದನೆಯ ವರ್ಷದ ಕೊನೆಗೆ 1411. ಐದು ವರ್ಷ ಒಂದೂ ಪಂದ್ಯ ಗೆಲ್ಲದ ತಂಡಕ್ಕೆ ಆರನೆಯ ವರ್ಷ ನನ್ನ ಪಟ್ಟಿ ಶೇ 37 ಸಾಧ್ಯತೆ ಕೊಡುತ್ತದೆ. ಕಟ್ಟೆಯ ಮೇಲೆ ಕೂತು ಆಟ ನೋಡುವ ಯಾವ ಹಿರಿಯರೂ ಅಷ್ಟು ಕೊಡುವುದಿಲ್ಲ, ಮತ್ತು ಅವರು ಹೇಳುವುದೇ ಸರಿ. ಪಂದ್ಯ ಕಡಿಮೆಯಾದಾಗ ಬಲವಾದವರೂ ದುರ್ಬಲರೂ 1500ರ ಸುತ್ತಲೇ ಒತ್ತೊತ್ತಾಗಿ ಉಳಿದುಬಿಡುತ್ತಾರೆ.

ಇದಕ್ಕೆ ನಾನು ಮಾಡಿಕೊಂಡ ಪರಿಹಾರ, ಹೊಸ ತಂಡದ ಮೊದಲ ಎಂಟು ಪಂದ್ಯಗಳಿಗೆ 40ರ ಬದಲು 80 ಇಡುವುದು. ಆಗ ಅದೇ ತಂಡ ಐದು ಸೋಲಿನ ಬಳಿಕ 1340ಕ್ಕೆ ಇಳಿಯುತ್ತದೆ, ಸಾಧ್ಯತೆ ಶೇ 28ಕ್ಕೆ ಬರುತ್ತದೆ. (ಎದುರಾಳಿ ಹಳೆಯ ತಂಡವಾಗಿದ್ದರೆ ಅದಕ್ಕೆ ತನ್ನ 40 ಮಾತ್ರ. ಆಗ ಒಬ್ಬರು ಕಳೆದುಕೊಂಡದ್ದೂ ಇನ್ನೊಬ್ಬರು ಪಡೆದದ್ದೂ ಸಮವಿರುವುದಿಲ್ಲ, ಆದ್ದರಿಂದ ವರ್ಷದ ಕೊನೆಗೆ ಇಡೀ ಪಟ್ಟಿಯ ಸರಾಸರಿಯನ್ನು ಮತ್ತೆ 1500ಕ್ಕೆ ತರುತ್ತೇನೆ.) ಎಲ್ಲರಿಗೂ 80 ಇಡಬಾರದೇ ಎಂದರೆ, ಬಾರದು. ಹೂಮಳೆಯಲ್ಲಿ ನೆನೆದ ಮೈದಾನದಲ್ಲಿ ಆದ ಒಂದು ಅಚ್ಚರಿಯ ಫಲಿತಾಂಶ ಹತ್ತು ವರ್ಷದ ಲೆಕ್ಕವನ್ನು ಅಲುಗಾಡಿಸಿಬಿಡುತ್ತದೆ.

ಇನ್ನೊಂದು ಪ್ರಶ್ನೆಗೆ ಸೂತ್ರದಲ್ಲಿ ಉತ್ತರವೇ ಇಲ್ಲ. ರೇಟಿಂಗ್ ಇರುವುದು ಕುಟುಂಬದ ಹೆಸರಿಗೆ, ಆಡುವವರಿಗಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೆಂಟರ್ ಫಾರ್ವರ್ಡ್‌ಗೆ ಏಪ್ರಿಲ್‌ನಲ್ಲಿ ರಜೆ ಸಿಗದಿದ್ದರೆ ಅದು ಬೇರೆಯೇ ತಂಡ. ಅದಕ್ಕಾಗಿ ಪ್ರತಿ ವರ್ಷ ಆರಂಭದಲ್ಲಿ 1500ರಿಂದ ಇರುವ ದೂರವನ್ನು ಹತ್ತನೆಯ ಒಂದು ಭಾಗದಷ್ಟು ಕಡಿಮೆ ಮಾಡುತ್ತೇನೆ, 1620 ಇದ್ದವರು 1608ರಿಂದ ಶುರು ಮಾಡುತ್ತಾರೆ. ಐದು ವರ್ಷ ಸೋತ ತಂಡದ ಮೇಲಿನ ಲೆಕ್ಕದಲ್ಲಿ ಇದನ್ನು ಸೇರಿಸಿಲ್ಲ. ಮೊದಲು ಕಾಲು ಭಾಗ ಇಳಿಸುತ್ತಿದ್ದೆ. ಆಗ ಮೇಲೆ ಹೇಳಿದ ಒತ್ತೊತ್ತಾಗುವಿಕೆ ಇನ್ನಷ್ಟು ಹೆಚ್ಚಿತು, ಬಿಟ್ಟುಬಿಟ್ಟೆ.

ಹಾಗಾದರೆ ಲೆಕ್ಕ ತಪ್ಪಿದೆಯೇ ಎಂದು ತಿಳಿಯುವುದು ಹೇಗೆ? ಒಂದು ಪಂದ್ಯದಿಂದ ತಿಳಿಯುವುದಿಲ್ಲ. ಪ್ರತಿ ಪಂದ್ಯದ ಹಿಂದಿನ ರಾತ್ರಿ ಸಾಧ್ಯತೆಯನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ, ಬರೆದ ಮೇಲೆ ತಿದ್ದುವುದಿಲ್ಲ. ಪಂದ್ಯಾವಳಿ ಮುಗಿದ ಮೇಲೆ ಸುಮಾರು ಶೇ 67 ಎಂದು ಬರೆದವನ್ನೆಲ್ಲ ಬೇರೆ ತೆಗೆದು ಎಣಿಸುತ್ತೇನೆ. ಅಂಥವು 30 ಇದ್ದರೆ ಮುಂದಿದ್ದ ತಂಡ 20ರಲ್ಲಿ ಗೆದ್ದಿರಬೇಕು. ಆದರೆ 30 ಪಂದ್ಯಗಳಲ್ಲಿ ಅದೃಷ್ಟದ ಏರಿಳಿತವೇ ಎರಡೂವರೆ, ಮೂರು ಪಂದ್ಯದಷ್ಟಿರುತ್ತದೆ. ಆದ್ದರಿಂದ 17 ಆಗಲಿ 23 ಆಗಲಿ ಬಂದರೆ ನಾನು ಏನನ್ನೂ ಮುಟ್ಟುವುದಿಲ್ಲ. 26 ಬಂದರೆ ಪಟ್ಟಿ ಒತ್ತೊತ್ತಾಗಿದೆ, ನಿಜವಾದ ಅಂತರ ಇದಕ್ಕಿಂತ ದೊಡ್ಡದು ಎಂದರ್ಥ. 14 ಬಂದರೆ ನಾನು ಹಳೆಯ ಹೆಸರಿಗೆ ಬೆಲೆ ಕೊಡುತ್ತಿದ್ದೇನೆ, ಈಗಿನ ಆಟಕ್ಕಲ್ಲ. ಹೊಸ ತಂಡಗಳಿಗೆ 80 ಇಡಬೇಕೆಂದು ಗೊತ್ತಾದದ್ದು ಹೀಗೆ ಎಣಿಸಿದ ಮೇಲೆಯೇ.

ಕಪ್ ಯಾರಿಗೆ ಎಂದು ಕೇಳುವವರಿಗೆ ನಾನು ಒಂದೇ ಹೆಸರು ಹೇಳದಿರುವುದಕ್ಕೂ ಕಾರಣ ಇಲ್ಲಿದೆ. 360 ತಂಡಗಳಿದ್ದರೆ ಕಪ್ ಎತ್ತಲು ಎಂಟೋ ಒಂಬತ್ತೋ ಪಂದ್ಯ ಗೆಲ್ಲಬೇಕು. ಒಂದು ತಂಡ ಅಷ್ಟು ಬಲವಾಗಿದ್ದು, ಎದುರಾದ ಪ್ರತಿಯೊಬ್ಬರಿಗಿಂತಲೂ 200 ಅಂಕ ಮುಂದಿದೆ ಎಂದೇ ಇಟ್ಟುಕೊಳ್ಳಿ. ಪ್ರತಿ ಪಂದ್ಯದಲ್ಲಿ 0.76. ಎಂಟು ಸಲ ಗುಣಿಸಿದರೆ 0.11. ಪಟ್ಟಿಯ ತುದಿಯಲ್ಲಿರುವ ಆ ತಂಡ ಕಪ್ ಎತ್ತದೇ ಹೋಗುವ ಸಾಧ್ಯತೆ ಶೇ 89.