ಮೂರು ರಾತ್ರಿಯ ಲೆಕ್ಕ

ನಗರದಲ್ಲಿ ಬ್ಯಾಂಕ್ ಖಾತೆ ತೆರೆದು ಒಂದು ವಾರವಾಯಿತು. ಮೊದಲ ಕೂಲಿ 10,000 ಜಮೆಯಾದ ತಕ್ಷಣ ಅಮ್ಮನ ಖಾತೆಗೆ ಕಳುಹಿಸಲು ಹೋದರೆ ಮೊಬೈಲ್ ಒಪ್ಪಲಿಲ್ಲ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ 24 ಗಂಟೆ ಸಣ್ಣ ಮೊತ್ತ ಮಾತ್ರ ಹೋಗುತ್ತದಂತೆ; ಪಾಸ್‌ವರ್ಡ್ ಕದ್ದವನು ಎಲ್ಲವನ್ನೂ ಒಂದೇ ಏಟಿಗೆ ಸಾಗಿಸದಿರಲಿ ಎಂದು. ನನ್ನ ಹಣಕ್ಕೆ ನನ್ನಿಂದಲೇ ಕಾವಲು!

ಶುಲ್ಕದ ವಿಚಾರ ಕೇಳಲು ಶಾಖೆಗೆ ಹೋದೆ. ತಿಂಗಳ ಸರಾಸರಿ 1,000 ಇರಬೇಕು, ಇಲ್ಲವಾದರೆ ದಂಡ ಎಂದರು. ಪ್ರತಿದಿನವೂ ಅಷ್ಟು ಇರಬೇಕೇ ಎಂದು ಕೇಳಿದಾಗ ಕೌಂಟರಿನಲ್ಲಿದ್ದ ಮೇಡಂ ಚೀಟಿಯ ಮೇಲೆ ಬರೆದು ತೋರಿಸಿದರು. ಪ್ರತಿದಿನದ ಕೊನೆಯಲ್ಲಿ ಉಳಿದ ಹಣವನ್ನೆಲ್ಲ ಕೂಡಿ, ತಿಂಗಳ ದಿನಗಳಿಂದ ಭಾಗಿಸುತ್ತಾರೆ. 10,000 ಮೂರು ರಾತ್ರಿ ಖಾತೆಯಲ್ಲಿದ್ದರೆ 30,000. ಅದನ್ನು 30ರಿಂದ ಭಾಗಿಸಿದರೆ 1,000. ಉಳಿದ 27 ದಿನ ಖಾತೆ ಬರಿದಾಗಿದ್ದರೂ ದಂಡವಿಲ್ಲ. ಬಂದ ದಿನವೇ ಎಲ್ಲವನ್ನೂ ಕಳುಹಿಸಿದರೆ ಸರಾಸರಿ ಸೊನ್ನೆ. ಅಂದರೆ ಮನೆಯಲ್ಲಿ ತುರ್ತು ಇರುವವನಿಗೇ ದಂಡ. ಈ ನಿಯಮ ಬರೆದವರು ಎಂದೂ ಮನೆಗೆ ಹಣ ಕಳುಹಿಸಿದವರಲ್ಲ ಎಂದು ಕಾಣುತ್ತದೆ.

ಕನಿಷ್ಠ ಮೊತ್ತವೇ ಬೇಡದ ಮೂಲ ಉಳಿತಾಯ ಖಾತೆಯೂ ಇದೆಯಂತೆ. ಆದರೆ ತಿಂಗಳಿಗೆ ಕೆಲವೇ ಸಲ ಶುಲ್ಕವಿಲ್ಲದೆ ಹಣ ತೆಗೆಯಬಹುದು. ನಾನು ತೆಗೆಯುವುದೇ ಒಂದೆರಡು ಸಲ. ಅರ್ಜಿ ತಂದಿದ್ದೇನೆ, ನಾಳೆ ಊಟದ ವಿರಾಮದಲ್ಲಿ ಕೊಟ್ಟು ಬರುತ್ತೇನೆ.