148 ಫಾರಂ, ಆರು ಸಾಲು, ಒಟ್ಟು ಮಾತ್ರ 102

ಟೇಬಲ್‌ನಲ್ಲಿ ಶೇಕಡಾಗಳ ಒಟ್ಟು ಕೊನೆಗೂ 100ಕ್ಕೆ ಬಂದು ನಿಂತಿದೆ! ಬನಶಂಕರಿ ಮೆಟ್ರೊ ಸ್ಟೇಷನ್‌ಗೆ ಜನ ಮನೆಯಿಂದ ಹೇಗೆ ಬರ್ತಾರೆ ಅನ್ನೋ ನಮ್ಮ ಸರ್ವೆಯ ಮೊದಲ ಪ್ರಶ್ನೆಯ ಟೇಬಲ್ ಇದು. ಫಾರಂ ಹಂಚಿದ್ದು, ವಾಪಸ್ ತಗೊಂಡಿದ್ದು, ಶೀಟ್‌ಗೆ ಏರಿಸಿದ್ದು ಎಲ್ಲ ನಿಮಗೂ ಗೊತ್ತಿರೋ ಕೆಲಸವೇ. ಅದನ್ನು ಬಿಟ್ಟು ತಲೆ ತಿಂದ ಭಾಗಕ್ಕೆ ನೇರವಾಗಿ ಬರ್ತೀನಿ.

ಅದಕ್ಕೂ ಮುಂಚೆ ಜೆರಾಕ್ಸ್ ಅಂಗಡಿಯ ಮೇಲೆ ಒಂದು ದೂರು. ಒಂದು ಕಟ್ಟಿನಲ್ಲಿ ಟಿಕ್ ಹಾಕುವ ಚೌಕಗಳೇ ಅಂಚಿನಲ್ಲಿ ಕತ್ತರಿಸಿ ಹೋಗಿದ್ದವು. ಚೌಕವೇ ಇಲ್ಲದಿದ್ದರೆ ಜನ ಏನು ಮಾಡಬೇಕು? ಪಾಪ, ಕೈಯಲ್ಲೇ ಬರೆದುಕೊಟ್ಟರು. ‘ನಡ್ಕೊಂಡು’, ‘ನಡೆದು’, ‘ವಾಕ್’, ‘ಗಾಡಿ’, ‘ಗಾಡೀಲಿ ಮಗ ಬಿಡ್ತಾನೆ’. ಗಾಡಿಯನ್ನು ತಾವೇ ಓಡಿಸಿಕೊಂಡು ಬಂದು ಸ್ಟೇಷನ್ ಹತ್ತಿರ ನಿಲ್ಲಿಸುವವರು ಬೇರೆ, ಮಗ ಬಿಟ್ಟುಹೋಗುವವರು ಬೇರೆ. ಪಾರ್ಕಿಂಗ್ ಲೆಕ್ಕಕ್ಕೆ ಮೊದಲನೆಯವರು ಮಾತ್ರ ಬೇಕು. ಹಾಗಾಗಿ ‘ಮನೆಯವರ ಡ್ರಾಪ್’ ಅಂತ ಒಂದು ಸಾಲು ಬೇರೆಯೇ ಇಟ್ಟೆವು.

ಆಮೇಲೆ ಇನ್ನೊಂದು ವಿಚಿತ್ರ. ಪಿವಟ್ ಟೇಬಲ್‌ನಲ್ಲಿ ‘ಬಸ್’ ಎರಡು ಸಾಲಾಗಿ ಬಂತು. ನೋಡೋಕೆ ಎರಡೂ ಒಂದೇ. ಕೊನೆಯಲ್ಲಿ ಸ್ಪೇಸ್ ಇರಬಹುದು ಅಂತ `TRIM` ಹಾಕಿದೆ, ಜಗ್ಗಲಿಲ್ಲ. `LEN` ಹಾಕಿ ನೋಡಿದರೆ ಒಂದಕ್ಕೆ 3, ಇನ್ನೊಂದಕ್ಕೆ 4. ಗೆಳೆಯನ ಫೋನಿನ ಕೀಬೋರ್ಡ್ ‘ಸ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಿತ್ತು. ಒತ್ತಕ್ಷರ ಆಗದಂತೆ ತಡೆಯೋಕೆ ಕನ್ನಡದಲ್ಲಿ ಬಳಸುವ ಅದೇ U+200C. ಕನ್ನಡದಲ್ಲಿ ಉತ್ತರ ಟೈಪ್ ಮಾಡುವವರು ಎಣಿಸೋಕೆ ಮುಂಚೆ ಇದನ್ನು ತೆಗೆದುಬಿಡಿ:

```
=TRIM(SUBSTITUTE(A2,UNICHAR(8204),""))
```

ಮೂಲ ಕಾಲಂ ಹಾಗೇ ಇರಲಿ. ಪಕ್ಕದ ಕಾಲಂನಲ್ಲಿ ಇದನ್ನು ಹಾಕಿ, ಅದನ್ನೇ ಎಣಿಸಿ.

ಇನ್ನು ಶೇಕಡಾ. 148 ಫಾರಂನಲ್ಲಿ 6 ಖಾಲಿ. ‘ಒಂದಕ್ಕೆ ಮಾತ್ರ ಟಿಕ್ ಹಾಕಿ’ ಅಂದಿದ್ದರೂ 5 ಜನ ಎರಡೆರಡು ಹಾಕಿದ್ದಾರೆ. ಉಳಿದಿದ್ದು 137. ಭಾಗಿಸಬೇಕಾದ್ದು ಈ 137ರಿಂದಲೇ. 148ರಿಂದ ಭಾಗಿಸಿದರೆ ಆರು ಸಾಲೂ ಸೇರಿ ಶೇ. 93ರ ಹತ್ತಿರ ನಿಂತುಬಿಡುತ್ತದೆ. ಎರಡು ಟಿಕ್‌ಗಳನ್ನೂ ಎಣಿಸಿ ಉತ್ತರ ಕೊಟ್ಟ 142 ಜನರಿಂದ ಭಾಗಿಸಿದರೆ 100 ದಾಟುತ್ತದೆ. ಆ 11 ಫಾರಂಗಳನ್ನು ಟೇಬಲ್‌ನ ಕೆಳಗೆ ಬೇರೆಯಾಗಿ ಹೇಳಿದ್ದೇವೆ.

ಇಷ್ಟೆಲ್ಲ ಸರಿ ಇದ್ದೂ ಕಾಟ ಕೊಟ್ಟಿದ್ದು ಇದು. ಶೀಟ್‌ನಲ್ಲಿ ಒಟ್ಟು 100% ಅಂತ ಚೆನ್ನಾಗಿ ತೋರಿಸುತ್ತಿದೆ. ಪ್ರಿಂಟ್ ತೆಗೆದು ಗೆಳೆಯ ಬೆರಳಿಟ್ಟು ಕೂಡಿದ: 34, 26, 18, 14, 7, 3. ‘ಲೋ, 102 ಬರ್ತಿದೆ ಕಣೋ!’

ಕಾರಣ ಸರಳ. ದಶಾಂಶ ಬೇಡ ಅಂತ ಫಾರ್ಮ್ಯಾಟ್ ಮಾಡಿದರೆ ಶೀಟ್ ತೋರಿಸುವುದನ್ನು ಮಾತ್ರ ಬದಲಿಸುತ್ತದೆ, ಒಳಗಿನ ಸಂಖ್ಯೆಯನ್ನಲ್ಲ. ಒಟ್ಟು ಬರುವುದು ಒಳಗಿನ ಸಂಖ್ಯೆಗಳಿಂದ. ಓದುವವರು ಕೂಡುವುದು ಕಾಣುವ ಸಂಖ್ಯೆಗಳನ್ನು. ನಮ್ಮ ಆರು ಸಾಲಿನಲ್ಲೂ ದಶಾಂಶ ಭಾಗ ಅರ್ಧಕ್ಕಿಂತ ಜಾಸ್ತಿ ಇತ್ತು. ಎಲ್ಲವೂ ಮೇಲಕ್ಕೇ ಏರಿದವು, ಒಂದೂ ಇಳಿಯಲಿಲ್ಲ.

| ಹೇಗೆ | ಜನ | ನಿಜವಾದ ಶೇ. | ಸುಮ್ನೆ ಪೂರ್ಣಾಂಕ | ಶೇಷ | ಕೊನೆಗೆ |
|---|---|---|---|---|---|
| ನಡೆದು | 46 | 33.577 | 34 | 79 | 34 |
| ಸ್ವಂತ ಗಾಡಿ | 35 | 25.547 | 26 | 75 | 25 |
| ಆಟೊ | 24 | 17.518 | 18 | 71 | 17 |
| ಬಸ್ | 19 | 13.869 | 14 | 119 | 14 |
| ಮನೆಯವರ ಡ್ರಾಪ್ | 9 | 6.569 | 7 | 78 | 7 |
| ಸೈಕಲ್ | 4 | 2.920 | 3 | 126 | 3 |
| ಒಟ್ಟು | 137 | 100 | 102 | 548 | 100 |

ಹೆಚ್ಚಾದ ಎರಡನ್ನು ದೊಡ್ಡ ಸಾಲಿನಿಂದ ಕಳೆದುಬಿಡೋಣ ಅಂದ ಗೆಳೆಯ. ಬಹಳ ಕಡೆ ಹಾಗೇ ಮಾಡ್ತಾರೆ. ಆದರೆ ಆಗ ‘ನಡೆದು’ 32 ಆಗುತ್ತದೆ. ನಿಜವಾದದ್ದು 33.577! ಒಂದೂವರೆಗಿಂತ ಜಾಸ್ತಿ ವ್ಯತ್ಯಾಸವನ್ನು ಒಬ್ಬರ ತಲೆಗೇ ಕಟ್ಟಿದ ಹಾಗಾಯ್ತು. ಇದು ನ್ಯಾಯ ಅಲ್ಲ.

ನ್ಯಾಯವಾದ ದಾರಿ ಹಳೆಯದು. ಅಮೆರಿಕದಲ್ಲಿ ರಾಜ್ಯಗಳಿಗೆ ಸೀಟು ಹಂಚೋಕೆ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಹೇಳಿದ ಲೆಕ್ಕ ಅದು. 1792ರಲ್ಲಿ ಆ ಮಸೂದೆಯನ್ನು ಅಧ್ಯಕ್ಷ ವಾಷಿಂಗ್ಟನ್ ವೀಟೊ ಮಾಡಿದರು, ಆ ದೇಶದ ಮೊದಲ ವೀಟೊ. ನಮಗೆ ಸೀಟು ಅಂದರೆ 100 ಅಂಶ, ರಾಜ್ಯ ಅಂದರೆ ಸಾಲು. ಮೊದಲು ಎಲ್ಲರಿಗೂ ದಶಾಂಶ ಬಿಟ್ಟು ಕೊಡಿ: 33, 25, 17, 13, 6, 2. ಒಟ್ಟು 96. ಜನರ ಸಂಖ್ಯೆಯ ನೂರು ಪಟ್ಟನ್ನು 137ರಿಂದ ಭಾಗಿಸಿದಾಗ ಉಳಿಯೋದೇ ಶೇಷ. ಉಳಿದ ನಾಲ್ಕನ್ನು ಶೇಷ ಜಾಸ್ತಿ ಇರುವ ನಾಲ್ಕು ಸಾಲಿಗೆ ಒಂದೊಂದರಂತೆ ಹಂಚಿ. ಸೈಕಲ್, ಬಸ್, ನಡೆದು, ಡ್ರಾಪ್‌ಗೆ ಸಿಕ್ಕಿತು. ಗಾಡಿಗೆ 75, ಡ್ರಾಪ್‌ಗೆ 78. ಕೂದಲೆಳೆಯಲ್ಲಿ ಗಾಡಿಗೆ ತಪ್ಪಿತು. ಆದರೂ ಯಾವ ಸಾಲೂ ನಿಜವಾದ ಶೇಕಡಾದಿಂದ ಪೂರ್ತಿ ಒಂದು ಅಂಶ ದೂರ ಹೋಗಿಲ್ಲ.

ದಶಾಂಶದ ಸಹವಾಸ ಬೇಡ ಅಂತ ಪೂರ್ತಿ ಪೂರ್ಣಾಂಕದಲ್ಲೇ ಮಾಡಿದ್ದೇನೆ. ಜನರ ಸಂಖ್ಯೆ B2ರಿಂದ B7, ಒಟ್ಟು B8ರಲ್ಲಿ. ಈ ಮೂರು ಸಾಲು C2, D2, E2ಗೆ:

```
=QUOTIENT(100*B2,B$8)
=MOD(100*B2,B$8)
=C2+IF(RANK(D2,D$2:D$7)<=100-SUM(C$2:C$7),1,0)
```

ಕೆಳಗೆ ಎಳೆದರೆ ಮುಗೀತು. ಟೇಬಲ್‌ನ ‘ಶೇಷ’ ಕಾಲಂ D ಕಾಲಂನದ್ದೇ. ಅದರ ಒಟ್ಟು 548, ಅಂದರೆ 137ರ ನಾಲ್ಕು ಪಟ್ಟು. ಹಂಚಬೇಕಾದ್ದು ನಾಲ್ಕೇ ಅಂತ ಇಲ್ಲೇ ತಾಳೆ ನೋಡಬಹುದು.

ಇದಕ್ಕೂ ಒಂದು ಮಿತಿ ಇದೆ. ಮೂರೇ ಸಾಲಿನ ಟೇಬಲ್‌ನಲ್ಲಿ ಮೂರಕ್ಕೂ ಸಮ ಜನ ಬಂದರೆ ಮೂವರ ಶೇಷವೂ ಒಂದೇ. `RANK` ಮೂವರಿಗೂ 1 ಕೊಡುತ್ತದೆ. 34, 34, 34 ಆಗಿ ಮತ್ತೆ ಅದೇ 102! `COUNTIF` ಸೇರಿಸಿ ಒಬ್ಬರನ್ನು ಮಾತ್ರ ಮೇಲೆತ್ತಬಹುದು. ಆದರೆ ಸಮ ಜನ ಇರುವಾಗ ಒಂದಕ್ಕೆ 34, ಉಳಿದವಕ್ಕೆ 33 ಅಂತ ಅಚ್ಚು ಹಾಕೋದು ನನಗೆ ಒಪ್ಪಲ್ಲ. ಅಂಥ ಕಡೆ 33, 33, 33 ಅಂತಲೇ ಬಿಟ್ಟು, ‘ಪೂರ್ಣಾಂಕ ಮಾಡಿದ್ದರಿಂದ ಒಟ್ಟು 100 ಆಗಿಲ್ಲ’ ಅಂತ ಕೆಳಗೆ ಬರೆಯುವುದೇ ಸರಿ.

ಒಂದು ದಶಾಂಶ ಕೊಟ್ಟರೆ ಆಗಲ್ವಾ ಅಂತ ಕೇಳ್ತೀರಿ. ನಮ್ಮ ಟೇಬಲ್‌ಗೆ ಆಗುತ್ತೆ, 33.6ರಿಂದ 2.9ರವರೆಗೆ ಕೂಡಿದರೆ ಸರಿಯಾಗಿ 100.0. ಆದರೆ ಅದು ಈ ಸಂಖ್ಯೆಗಳ ಅದೃಷ್ಟ. 33.3 ಮೂರು ಸಲ ಕೂಡಿದರೆ 99.9. ಮೇಲಾಗಿ 137 ಜನರಲ್ಲಿ ಒಬ್ಬರೇ ಶೇ. 0.73. ಒಬ್ಬರು ಮನಸ್ಸು ಬದಲಿಸಿದರೂ ಆ ದಶಾಂಶ ಅಲುಗಾಡುತ್ತದೆ. ಅಷ್ಟು ಸೂಕ್ಷ್ಮ ತೋರಿಸುವ ಹಕ್ಕು ನಮ್ಮ ಸರ್ವೆಗಿಲ್ಲ.

ಮುಂದಿನ ಕೆಲಸ ಆಗಲೇ ತಲೆಯಲ್ಲಿ ಕೂತಿದೆ. ಬಸ್ ಸ್ಟಾಪ್‌ನಲ್ಲಿ ಎಷ್ಟು ಹೊತ್ತು ಕಾಯ್ತೀರಿ ಅನ್ನೋದು. ಅಲ್ಲಿ 0–5, 5–10 ಅಂತ ಗುಂಪು ಮಾಡಿದರೆ ಸರಿಯಾಗಿ ಐದು ನಿಮಿಷ ಕಾದವರು ಎರಡು ಕಡೆಯೂ ಟಿಕ್ ಹಾಕ್ತಾರೆ. ‘5 ನಿಮಿಷಕ್ಕಿಂತ ಕಡಿಮೆ’, ‘5 ಅಥವಾ ಜಾಸ್ತಿ, 10ಕ್ಕಿಂತ ಕಡಿಮೆ’ ಅಂತ ಫಾರಂನಲ್ಲೇ ಬಿಡಿಸಿ ಬರೆಯಬೇಕು. ಮೆಟ್ರೊ ಪ್ರಶ್ನೆಯನ್ನೂ ಮಳೆಗಾಲದಲ್ಲಿ ಇನ್ನೊಮ್ಮೆ ಕೇಳ್ತೇವೆ. ಆಗ ಹೋಲಿಸುವುದು 46, 35, 24 ಅನ್ನೋ ಮೂಲ ಎಣಿಕೆಯಿಂದ ಬಂದ ಪೂರ್ತಿ ಶೇಕಡಾವನ್ನು, ಈ ಹಂಚಿದ ಪೂರ್ಣಾಂಕಗಳನ್ನಲ್ಲ. ಇಲ್ಲದಿದ್ದರೆ ಗಾಡಿಯ 25 ಮುಂದಿನ ಸಲ 26 ಆದಾಗ ಜನ ಹೆಚ್ಚಾದರೋ ಶೇಷ ಹೆಚ್ಚಾಯಿತೋ ಗೊತ್ತಾಗಲ್ಲ. ಫಾರಂ ಮಾತ್ರ ಬೇರೆ ಜೆರಾಕ್ಸ್ ಅಂಗಡಿಯಲ್ಲಿ, ಮೊದಲ ಪ್ರತಿ ಕಣ್ಣಾರೆ ನೋಡಿದ ಮೇಲೆ.