ಹಸುವಿಗೆ ಹಾಕಿದ ದುಡ್ಡು ಯಾವಾಗ ವಾಪಸ್?

“ದಿನಕ್ಕೆ ಇಪ್ಪತ್ತು ಲೀಟರ್ ಕೊಡೋ ಹಸು ಸಿಕ್ಕಿದೆ. ಎಷ್ಟು ವರ್ಷಕ್ಕೆ ಹಾಕಿದ ದುಡ್ಡು ವಾಪಸ್ ಬರುತ್ತೆ?”

ಬರೀ ಹಾಲಿನ ದುಡ್ಡನ್ನೇ ನಂಬಿದರೆ ಎಷ್ಟೋ ಹಸುಗಳಲ್ಲಿ ಬರುವುದೇ ಇಲ್ಲ. ಕೊನೆಗೆ ಹಸು ಏನು ಬೆಲೆಗೆ ಹೋಗುತ್ತದೆ ಎಂಬುದೂ ಸೇರಿದರೆ ಮಾತ್ರ ಲೆಕ್ಕ ಕೂಡುತ್ತದೆ. ಅದನ್ನು ಯಾರೂ ಕೇಳುವುದಿಲ್ಲ.

ಮೊದಲು ಆ ಇಪ್ಪತ್ತು ಲೀಟರ್ ಯಾವ ದಿನದ್ದು ಹೇಳಿ. ಕರು ಹಾಕಿದ ಆರೆಂಟು ವಾರಕ್ಕೆ ಹಾಲು ತುದಿ ಮುಟ್ಟಿ, ಆಮೇಲೆ ತಿಂಗಳು ತಿಂಗಳೂ ಇಳಿಯುತ್ತದೆ. ಮಾರುವವರು ಹೇಳುವುದು ಆ ತುದಿಯ ಅಂಕಿ. ಅದನ್ನು ಒಂದು ಸೂಲಿನಲ್ಲಿ ಕರೆಯುವ 305 ದಿನಕ್ಕೆ ಗುಣಿಸಿ 6,100 ಲೀಟರ್ ಎಂದು ಬರೆದುಕೊಂಡು ಬರಬೇಡಿ. ಒಂದು ಸೂಲಿನ ಹಾಲು ಹೆಚ್ಚುಕಡಿಮೆ ತುದಿಯ ಹಾಲಿನ 200 ಪಟ್ಟು, ಅಂದರೆ 4,000 ಲೀಟರ್ ಆಸುಪಾಸು. ನೋಡಲು ಹೋದಾಗ ಸತತ ಮೂರು ಸಲ ಕರೆಯುವಾಗ ಎದುರಿಗಿರಿ. ಮೊದಲ ಸಲದ ಹಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ಹೊತ್ತು ಕರೆಯದೆ ಬಿಟ್ಟಿದ್ದರೆ ಕೆಚ್ಚಲು ತುಂಬಿಕೊಂಡು ಕಾಣುತ್ತದೆ.

ಇನ್ನು ಲೆಕ್ಕ. ನಾಲ್ಕನೇ ಸೂಲಿನ ಹಸುವನ್ನು 100ಕ್ಕೆ ಕೊಂಡಿರಿ ಎಂದಿಟ್ಟುಕೊಳ್ಳಿ. ನಿಮ್ಮ ಬೆಲೆ ಎಷ್ಟೇ ಇರಲಿ, ಅದನ್ನು 100 ಅನ್ನಿ. ವರ್ಷಕ್ಕೆ ಹಾಲಿನಿಂದ 120 ಬಂದು, ಮೇವು, ಹಿಂಡಿ, ಕೂಲಿ, ಔಷಧಕ್ಕೆ 80 ಹೋದರೆ ಉಳಿಯುವುದು 40. ಮುಂದಿನ ವರ್ಷ ಹಾಲು ಶೇಕಡಾ 5ರಷ್ಟು ಇಳಿದರೆ ಬರುವುದು 114. ಆದರೆ ಹಸು ಹೊಟ್ಟೆ ತುಂಬ ತಿನ್ನುವುದು ತಿನ್ನುತ್ತದೆ, ಕೂಲಿಯೂ ಕಡಿಮೆಯಾಗದು. ಖರ್ಚು ಹಾಗೇ ಉಳಿದರೆ ಕೈಗೆ ಸಿಗುವುದು 34. ಹಾಲು ಶೇಕಡಾ 5 ಇಳಿದರೆ ಉಳಿತಾಯ ಶೇಕಡಾ 15 ಇಳಿಯಿತು. ಹಾಲಿನ ಇಳಿತವನ್ನಷ್ಟೇ ನೋಡುವವರು ಎಡವುವುದು ಇಲ್ಲೇ.

ಮೂರನೇ ವರ್ಷ 27, ನಾಲ್ಕನೇ ವರ್ಷ 18 ಉಳಿಯಲಿ. ವರ್ಷದ ಕೊನೆಗೆ ಮಾರಿದರೆ ಸಿಗುವ ಬೆಲೆ ಕ್ರಮವಾಗಿ 75, 55, 40, 25 ಇರಲಿ. ನಾಲ್ಕು ವರ್ಷದ ಹಾಲಿನ ಉಳಿತಾಯ ಕೂಡಿದರೆ 119, ಆದ್ದರಿಂದ ದುಡ್ಡು ಬಂತು ಅನ್ನುತ್ತೀರಿ. ಆದರೆ ನಾಲ್ಕು ವರ್ಷ ಬಿಟ್ಟು ಬರುವ 18 ಇವತ್ತಿನ 18 ಅಲ್ಲ. ಬಡ್ಡಿ ಶೇಕಡಾ 10 ಇದ್ದರೆ ಒಂದು ವರ್ಷದಾಚೆಯ ಮೊತ್ತವನ್ನು 1.1ರಿಂದ, ಎರಡು ವರ್ಷದಾಚೆಯದನ್ನು 1.21ರಿಂದ, ಹೀಗೆ ಪ್ರತಿ ವರ್ಷಕ್ಕೂ ಇನ್ನೊಮ್ಮೆ 1.1ರಿಂದ ಭಾಗಿಸಿ. ಸಾಲ ಮಾಡದೆ ಸ್ವಂತ ದುಡ್ಡು ಹಾಕಿದ್ದರೂ ಅಷ್ಟೇ. ಆ ದುಡ್ಡು ಬೇರೆ ಕಡೆ ದುಡಿಯುತ್ತಿತ್ತು. ಹಾಗೆ ಭಾಗಿಸಿ ಕೂಡಿದರೆ ನಾಲ್ಕು ವರ್ಷದ ಹಾಲು ಇಂದಿನ ಬೆಲೆಯಲ್ಲಿ 97. ಹಾಕಿದ 100 ಇನ್ನೂ ಬಂದಿಲ್ಲ.

ಅದಕ್ಕೇ ನೀವು ಕೇಳಬೇಕಾಗಿದ್ದು ಯಾವಾಗ ಮಾರಲಿ ಎಂದು. ಮೂರನೇ ವರ್ಷದ ಕೊನೆಗೆ ಮಾರಿದರೆ ಹಾಲು, ಮಾರಿದ ಬೆಲೆ ಎರಡೂ ಸೇರಿ ಇಂದಿನ ಲೆಕ್ಕದಲ್ಲಿ 14.8 ಲಾಭ, ನಾಲ್ಕನೆಯದರ ಕೊನೆಗಾದರೆ 14.1. ಬಡ್ಡಿ ಹಿಡಿಯದೆ ಕೂಡಿದವರಿಗೆ ಮೂರಕ್ಕೆ 41, ನಾಲ್ಕಕ್ಕೆ 44 ಕಾಣುತ್ತದೆ, ಅವರು ಇನ್ನೊಂದು ವರ್ಷ ಕಟ್ಟಿಕೊಳ್ಳುತ್ತಾರೆ. ಇಷ್ಟೆಲ್ಲ ಭಾಗಾಕಾರ ಬೇಡವೆಂದರೆ ಪ್ರತಿ ವರ್ಷದ ಕೊನೆಗೆ ಒಂದೇ ಹೋಲಿಕೆ ಸಾಕು. ಇವತ್ತು ಮಾರಿದರೆ 40, ಬಡ್ಡಿ ಸೇರಿ ಮುಂದಿನ ವರ್ಷಕ್ಕೆ 44. ಇಟ್ಟುಕೊಂಡರೆ ಹಾಲಿನ 18, ಮಾರಿದ 25, ಒಟ್ಟು 43. ಮಾರಿ. ಹಿಂದಿನ ವರ್ಷ ಇದೇ ಹೋಲಿಕೆ 60.5ಕ್ಕೆ ಎದುರಾಗಿ 67 ತೋರಿಸುತ್ತಿತ್ತು. ಆಗ ಇಟ್ಟುಕೊಂಡದ್ದು ಸರಿ.

ಈ ಲೆಕ್ಕದ ಅತಿ ಸಡಿಲ ಅಂಕಿ ಆ 40. ಅದು ಗಬ್ಬದ ಹಸುವಿನ ಬೆಲೆ. ಬರಿಹೊಟ್ಟೆಯ, ಹಾಲು ಬತ್ತುತ್ತಿರುವ ಹಸುವಿಗೆ ಅದರ ಅರ್ಧ, 20 ಸಿಕ್ಕಿತು ಎನ್ನಿ. ಇಂದಿನ ಬೆಲೆಗೆ ತಂದರೆ 15. ಹಾಲಿನ ಸುಮಾರು 85ರ ಜೊತೆ ಕೂಡಿದರೆ 100ಕ್ಕೂ ಚೂರು ಕಡಿಮೆ, ಮೂರು ವರ್ಷದ ಲಾಭವೆಲ್ಲ ಹೋಯಿತು. ಕೆಚ್ಚಲು ಬಾವು ಬಂದು ಒಂದು ಮೊಲೆ ಕೆಟ್ಟರೆ ಹಾಲೂ ಬೆಲೆಯೂ ಒಟ್ಟಿಗೇ ಬೀಳುತ್ತವೆ.

ಹಾಗಾಗಿ ಮಾರುವ ಬೆಲೆ ಮಾರುವ ದಿನ ನಿಗದಿಯಾಗುವುದಿಲ್ಲ. ಕರು ಹಾಕಿ ಎರಡು ಮೂರು ತಿಂಗಳಿಗೆ ಬೆದೆ ನೋಡಿ ಗರ್ಭಧಾರಣೆ ಮಾಡಿಸಿ, ಮತ್ತೆರಡು ತಿಂಗಳಾದ ಮೇಲೆ ವೈದ್ಯರಿಂದ ಗಬ್ಬ ಪರೀಕ್ಷೆ ಮಾಡಿಸಿ. ಆಗಲೂ ನಿಂತಿಲ್ಲವೆಂದರೆ ವರ್ಷದ ಕೊನೆಗೆ 40 ಎಂದು ಬರೆದದ್ದನ್ನು ಅಳಿಸಿ, 20 ಹಾಕಿ, ಆ ಹೋಲಿಕೆಯನ್ನು ಅವತ್ತೇ ಮತ್ತೆ ಮಾಡಿ. ಹಾಲು ಇನ್ನೂ ಹತ್ತಿಪ್ಪತ್ತು ಲೀಟರಿನ ನಡುವೆ ಇರುವಾಗ ಮಾರಿದರೆ ಸಿಗುವ ಬೆಲೆ, ಬತ್ತಿದ ಮೇಲೆ ಸಿಗುವುದಿಲ್ಲ.